ನೋಣಯ್ಯನ ಹಳದಿ ಚೌಕುಳಿ ಅಂಗಿ

ದೇರೆಬೈಲಿನ ಮೋಹನದಾಸರನ್ನು ಊರವರು ಬೆನ್ನ ಹಿಂದೆ ‘ಬಿಳಿ ಮಾಡುವ ಮೋಹನಣ್ಣ’ ಎಂದು ಕರೆಯುತ್ತಿದ್ದರು. ಅವರಿಗೂ ಇದು ಗೊತ್ತಿತ್ತು, ಬೇಸರ ಇರಲಿಲ್ಲ. ಮುಖ್ಯರಸ್ತೆಯಿಂದ ಒಳಗೆ ಹೋಗುವ ತಿರುವಿನಲ್ಲಿ ಅವರದ್ದೊಂದು ಫೋಟೋ ಸ್ಟುಡಿಯೋ. ಮುಂದೆ ಗಾಜಿನ ಮೇಜು, ಹಿಂದೆ ನೀಲಿ ಪರದೆ, ನಡುವೆ ಕಂಪ್ಯೂಟರ್. ಮೂವತ್ತೆಂಟು ವರ್ಷಗಳಲ್ಲಿ ಆ ತಿರುವಿನ ಸುತ್ತಮುತ್ತ ಹುಟ್ಟಿದವರ, ಮದುವೆಯಾದವರ, ಸತ್ತವರ ಮುಖಗಳೆಲ್ಲ ಅವರ ಕೈ ದಾಟಿಯೇ ಗೋಡೆ ಏರಿದ್ದವು.

ಹದಿನೇಳನೆಯ ವಯಸ್ಸಿಗೆ ಅವರು ಕಲಿತದ್ದು ನೆಗೆಟಿವ್ ತಿದ್ದುವ ಕೆಲಸ. ಚೂಪು ಪೆನ್ಸಿಲ್ ಹಿಡಿದು ನೆಗೆಟಿವಿನ ಮುಖದ ಮೇಲೆ ಇರುವೆ ಹೆಜ್ಜೆಯಷ್ಟು ಸಣ್ಣ ಗೀರುಗಳನ್ನು ಎಳೆಯಬೇಕು. ಅಲ್ಲಿ ಪೆನ್ಸಿಲಿನ ಕಪ್ಪು ಬಿದ್ದಷ್ಟೂ ಪ್ರಿಂಟಿನಲ್ಲಿ ಮುಖ ಬೆಳ್ಳಗಾಗುತ್ತಿತ್ತು. ಗುರುಗಳು ಕಲಿಸಿದ ಮೊದಲ ಪಾಠ ಅದೇ. ಆಮೇಲೆ ಕಂಪ್ಯೂಟರ್ ಬಂತು, ಪೆನ್ಸಿಲ್ ಹೋಗಿ ಮೌಸ್ ಬಂತು, ಪಾಠ ಮಾತ್ರ ಬದಲಾಗಲಿಲ್ಲ. ಮದುವೆ ಪ್ರಸ್ತಾಪಕ್ಕೆ ಫೋಟೋ ತೆಗೆಸಲು ಬಂದ ಹುಡುಗಿಯ ತಾಯಿ ಮೇಜಿಗೆ ಬಾಗಿ, “ಮೋಹನಣ್ಣ, ಸ್ವಲ್ಪ ಬಿಳಿ ಮಾಡಿ ಆಯ್ತಾ” ಎನ್ನುತ್ತಿದ್ದರು. ಹುಡುಗಿ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದಳು. ಕೇಳದೆ ಇದ್ದವರಿಗೂ ಅವರು ಮಾಡಿಕೊಡುತ್ತಿದ್ದರು. ಫೋಟೋ ಕಪ್ಪಾಯಿತೆಂದು ವಾಪಸು ತಂದವರು ನೂರಾರು ಮಂದಿ ಇದ್ದರು. ಬೆಳ್ಳಗಾಯಿತೆಂದು ವಾಪಸು ತಂದವರು ಒಬ್ಬರೂ ಇರಲಿಲ್ಲ. ಹೀಗೆ ಬರಬರುತ್ತ ಬೆಳ್ಳಗಾದ ಮುಖವೇ ಅವರ ಕಣ್ಣಿಗೆ ಸರಿಯಾದ ಮುಖವಾಯಿತು.

ಬಟ್ಟೆ ಬದಲಿಸುವ ಕೆಲಸವೂ ಹಳೆಯದೇ. ಮೊದಲು ಸ್ಟುಡಿಯೋದಲ್ಲಿ ಒಂದೇ ಒಂದು ಕರಿ ಕೋಟು ತೂಗುಹಾಕಿದ್ದರು. ದಪ್ಪದವರಿಗೆ ಬೆನ್ನು ಬಿಚ್ಚಿ, ಸಪುರದವರಿಗೆ ಬೆನ್ನಿಗೆ ಕ್ಲಿಪ್ಪು ಹಾಕಿ, ಎಲ್ಲರಿಗೂ ಅದನ್ನೇ ತೊಡಿಸುತ್ತಿದ್ದರು. ಆಮೇಲೆ ಕಂಪ್ಯೂಟರಿನಲ್ಲಿ ಕುತ್ತಿಗೆಯ ಬಳಿ ಕತ್ತರಿಸಿ ಕೋಟು ಅಂಟಿಸುವುದು ಬಂತು. ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಹೋದ ವರ್ಷದಿಂದ ಎಐ. ಫೋಟೋ ಹಾಕಿ, ಕೆಳಗೆ ಒಂದು ವಾಕ್ಯ ಬರೆದರೆ ನಿಮಿಷದೊಳಗೆ ಕೋಟೂ ಬರುತ್ತದೆ, ರೇಷ್ಮೆ ಸೀರೆಯೂ ಬರುತ್ತದೆ. ವಾಕ್ಯವನ್ನು ಯಾರೋ ಫೋಟೋಗ್ರಾಫರುಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದರು. ಮೋಹನದಾಸರು ಅದನ್ನು ಹಾಗೆಯೇ ಉಳಿಸಿಕೊಂಡಿದ್ದರು. ಇಂಗ್ಲಿಷಿನಲ್ಲಿದ್ದ ಆ ವಾಕ್ಯದ ಅರ್ಥ ಇಷ್ಟು: ಈ ವ್ಯಕ್ತಿಗೆ ಇಂಥ ಬಟ್ಟೆ ಹಾಕು, ಸ್ಟುಡಿಯೋದಲ್ಲಿ ತೆಗೆದಂತೆ ಒಳ್ಳೆಯ ಬೆಳಕು, ನಯವಾದ ಚರ್ಮ, ಆಕರ್ಷಕವಾದ ಗೌರವಸ್ಥ ಭಾವಚಿತ್ರ. ‘ಇಂಥ ಬಟ್ಟೆ’ ಎಂಬ ಜಾಗವನ್ನು ತುಂಬಿದರೆ ಕೆಲಸ ಮುಗಿಯಿತು.

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದು ಗಾಜು ಒರೆಸುತ್ತಿರುವಾಗ ಲತೇಶ ಬಂದ. ಅವನ ಹಿಂದೆ ಅವನ ತಾಯಿ ದೇಯಿ. ದೇಯಿಯ ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಮೋಹನಣ್ಣ, ಅಪ್ಪ ನಿನ್ನೆ ಬೆಳಿಗ್ಗೆಯಿಂದ ಇಲ್ಲ,” ಎಂದ ಲತೇಶ.

ಅವನ ಅಪ್ಪ ನೋಣಯ್ಯನನ್ನು ಆ ಬೀದಿಯಲ್ಲಿ ಎಲ್ಲರೂ ಬಲ್ಲರು. ನೇತ್ರಾವತಿ ಸೇತುವೆಯ ಆಚೆ, ತೊಕ್ಕೊಟ್ಟಿನ ಹತ್ತಿರದ ಹೆಂಚಿನ ಕಾರ್ಖಾನೆಯ ಒಲೆಯ ಮುಂದೆ ಮೂವತ್ತು ವರ್ಷ ದುಡಿದವರು. ಎಪ್ಪತ್ತೈದು ದಾಟಿದೆ. ಎರಡು ವರ್ಷದಿಂದ ಮರೆವಿನ ಕಾಯಿಲೆ. ಊಟ ಮಾಡಿದ್ದು ನೆನಪಿಲ್ಲ, ಮಗನ ಹೆಸರು ನೆನಪಿಲ್ಲ. ಏಳು ಗಂಟೆಗೆ ಕಾರ್ಖಾನೆಗೆ ಹೋಗಬೇಕು ಎಂಬುದು ಮಾತ್ರ ನೆನಪಿತ್ತು. ಕಾರ್ಖಾನೆ ಮುಚ್ಚಿ, ಕೆಡವಿ, ಅಲ್ಲಿ ಫ್ಲ್ಯಾಟು ಎದ್ದು ಎಷ್ಟೋ ಕಾಲವಾಗಿತ್ತು.

“ಅಲ್ಲಿಗೂ ಹೋಗಿ ಬಂದೆ. ವಾಚ್‌ಮನ್ ಯಾರೂ ಬರಲಿಲ್ಲ ಅಂತಾನೆ. ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಟ್ಟಾಯ್ತು. ಒಂದು ಒಳ್ಳೆ ಫೋಟೋ ತನ್ನಿ, ಯಾವ ಬಟ್ಟೆಯಲ್ಲಿ ಹೋದ್ದು ಅಂತಲೂ ಜನರಿಗೆ ಗೊತ್ತಾಗ್ಬೇಕು ಅಂದ್ರು. ಇದೊಂದೇ ಇರೋದು ನೋಡಿ.”

ಲತೇಶ ಮೊಬೈಲ್ ಚಾಚಿದ. ಅವನ ಮಗಳ ಹುಟ್ಟುಹಬ್ಬದ ದಿನ ತೆಗೆದ ಚಿತ್ರ. ಗೋಡೆಗೆ ಬಲೂನು ಕಟ್ಟಿದ್ದಾರೆ. ಅದರ ಮುಂದೆ ನೋಣಯ್ಯ ಕುಳಿತಿದ್ದಾರೆ. ಬರಿಮೈ, ಹೆಗಲಿಗೆ ಒಂದು ಬೈರಾಸು, ಒರಟು ಟವೆಲು. ಒಲೆಯ ಕಾವಿನಲ್ಲಿ ಬೆಂದ ಕಡುಗಪ್ಪು ಮೈ. ಯಾವತ್ತೋ ಒಲೆಯಿಂದ ಸಿಡಿದ ಚೂರು ಬಡಿದು ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದು ನಿಂತಿದೆ. ಅಗಲ ಮೂಗು, ಅದರ ಬಲಕ್ಕೆ ಕಡಲೆಕಾಳಿನಷ್ಟು ಉಬ್ಬಿದ ಮಚ್ಚೆ. ಬಾಯಿ ತೆರೆದಿದೆ, ಮುಂದಿನ ಎರಡು ಹಲ್ಲಿಲ್ಲ.

“ಸ್ಪಷ್ಟ ಉಂಟಲ್ಲ, ಇದನ್ನೇ ಹಾಕಬಹುದು,” ಎಂದರು ಮೋಹನದಾಸರು.

“ಅಂಗಿ ಇಲ್ಲದ್ದಾ? ಎಲ್ಲ ಗ್ರೂಪಿಗೆ ಹೋಗ್ತದೆ ಮಾರಾಯ್ರೆ. ನನ್ನ ಆಫೀಸಿನವರು ಉಂಟು, ಹೆಂಡತಿ ಕಡೆಯವರು ಉಂಟು. ತಂದೆಯನ್ನು ಹೇಗೆ ಇಟ್ಟಿದ್ದಾನೆ ನೋಡು ಅಂತಾರೆ. ಹಳದಿ ಚೌಕುಳಿ ಅಂಗಿ ಹಾಕಿ ಹೋದ್ದು, ಅರ್ಧ ತೋಳಿನದ್ದು. ಅದನ್ನೇ ಹಾಕಿಬಿಡಿ. ಜನರಿಗೂ ಗುರ್ತ ಸಿಗ್ತದೆ.”

ಮಾತಿನಲ್ಲಿ ನ್ಯಾಯ ಇತ್ತು. ಮೋಹನದಾಸರು ಉಳಿಸಿಟ್ಟ ವಾಕ್ಯ ತೆಗೆದು, ಖಾಲಿ ಜಾಗದಲ್ಲಿ ‘ಹಳದಿ ಚೌಕುಳಿ ಅಂಗಿ’ ಎಂದು ಬರೆದರು. ನಿಮಿಷದೊಳಗೆ ಅಂಗಿ ಬಂತು, ಆದರೆ ಉದ್ದ ತೋಳು. ಬಂದ ಚಿತ್ರವನ್ನೇ ಮತ್ತೆ ಹಾಕಿ ತೋಳು ಗಿಡ್ಡ ಮಾಡಿಸಿದರು. ಈಗ ಚೌಕುಳಿ ದೊಡ್ಡದಾಯಿತು. ಆ ಚಿತ್ರವನ್ನೇ ಮತ್ತೆ ಹಾಕಿ ಚೌಕುಳಿ ಸಣ್ಣ ಮಾಡಿಸಿದರು. ನಾಲ್ಕನೆಯ ಸಲ ಕಿಸೆ ಸರಿಯಾಯಿತು. ನಾಲ್ಕು ಸಲವೂ ಅವರು ನೋಡುತ್ತಿದ್ದದ್ದು ಅಂಗಿಯನ್ನು. ಲತೇಶನೂ ಹಿಂದೆ ನಿಂತು, “ಹಾಂ, ಇದೇ ಅಂಗಿ, ಇದೇ ಅಂಗಿ” ಎನ್ನುತ್ತಿದ್ದ.

ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದ ದೇಯಿ ಎದ್ದು ಬಂದರು. ಕಂಪ್ಯೂಟರಿನ ಹತ್ತಿರ ಮುಖ ತಂದು ನೋಡಿದರು.

“ಇದು ಯಾರು?”

“ಯಾರು ಅಂದ್ರೆ? ನಿನ್ನ ಗಂಡ ಮಾರಾಯ್ತಿ,” ಎಂದ ಲತೇಶ.

“ಇವರು ಅವರಲ್ಲ. ಇವರು ಯಾರೋ ದಣಿಗಳ ಹಾಗೆ ಇದ್ದಾರೆ.”

“ಅಂಗಿ ಹಾಕಿದ್ದಕ್ಕೆ ಹಾಗೆ ಕಾಣ್ತದೆ ದೇಯಿಯಕ್ಕ,” ಎಂದು ಮೋಹನದಾಸರು ನಕ್ಕರು. “ಕಂಪ್ಯೂಟರಿನಲ್ಲಿ ಸ್ವಲ್ಪ ಬೆಳಕು ಹೆಚ್ಚು. ಪ್ರಿಂಟ್ ಬಂದಾಗ ಸರಿ ಆಗ್ತದೆ.” ಸಾವಿರ ಸಲ ಹೇಳಿದ ಮಾತು, ನಾಲಿಗೆಯ ಮೇಲೇ ಇತ್ತು.

“ಎರಡೂ ಕಣ್ಣು ತೆರೆದಿದೆಯಲ್ಲ?”

“ಅಮ್ಮಾ, ಪೊರೆ ಬಂದದ್ದು ನಿನ್ನ ಕಣ್ಣಿಗೆ. ಸುಮ್ಮನೆ ಕೂತ್ಕೊ ಒಮ್ಮೆ. ಇಲ್ಲಿ ಒಂದೊಂದು ನಿಮಿಷ ಹೋಗ್ತಾ ಉಂಟು, ಇವಳದ್ದೊಂದು!” ಲತೇಶ ಸಿಡುಕಿದ. ಮತ್ತೆ ಮೋಹನದಾಸರ ಕಡೆ ತಿರುಗಿ, “ಚಂದ ಬಂದಿದೆ ಮೋಹನಣ್ಣ. ಅಪ್ಪ ಇಷ್ಟು ಚಂದ ಇದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ,” ಎಂದ.

ದೇಯಿ ಹೋಗಿ ಸ್ಟೂಲಿನ ಮೇಲೆ ಕುಳಿತರು.

ಆ ದಿನವೇ ಇನ್ನೂರು ಪೋಸ್ಟರ್ ಆಯಿತು. ‘ಕಾಣೆಯಾಗಿದ್ದಾರೆ’ ಎಂಬ ಕೆಂಪಕ್ಷರದ ಕೆಳಗೆ, ಹಳದಿ ಅಂಗಿಯ, ಗೋಧಿ ಬಣ್ಣದ, ಸಮನಾದ ಕಣ್ಣುಗಳ, ಸಾಲು ಹಲ್ಲಿನ ಒಬ್ಬ ಹಿರಿಯರು ಮುಗುಳ್ನಗುತ್ತಿದ್ದರು. ಲತೇಶ ಮತ್ತು ಅವನ ಗೆಳೆಯರು ಬೈಕಿನಲ್ಲಿ ಹೋಗಿ ಬಸ್‌ಸ್ಟ್ಯಾಂಡುಗಳಿಗೆ, ರೈಲು ನಿಲ್ದಾಣದ ಬದಿಗೆ, ಕುಲಶೇಖರದಿಂದ ತೊಕ್ಕೊಟ್ಟಿನವರೆಗೆ ಅಂಟಿಸಿ ಬಂದರು. ಒಂದು ಪ್ರತಿ ಸ್ಟೇಷನ್‌ಗೂ ಹೋಯಿತು. ವಾಟ್ಸಾಪಿನಲ್ಲಿ ಅದು ಸಂಜೆಯೊಳಗೆ ದುಬೈ ಮುಟ್ಟಿತು.

ಮಂಗಳವಾರದಿಂದ ಕರೆಗಳು ಬರತೊಡಗಿದವು. ಸಿಕ್ಕಿದವರೆಲ್ಲ ಬೆಳ್ಳಗಿನವರೇ. ಕುಲಶೇಖರದಲ್ಲಿ ಎಡ್ವಿನ್ ಎಂಬವರು, ಕುವೈತಿನಿಂದ ನಿವೃತ್ತರಾಗಿ ಬಂದವರು, ಹಳದಿ ಟೀ-ಶರ್ಟಿನಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದರು. ನಾಲ್ಕು ಜನ ಹಿಡಿದು ಗೂಡಂಗಡಿಯೊಳಗೆ ಕೂರಿಸಿದರು. “ನಾನು ಎಡ್ವಿನ್ ಮಾರಾಯ್ರೆ, ನನ್ನ ಮನೆ ಅಲ್ಲೇ ಉಂಟು” ಎಂದರೆ, “ಮರೆವು ಇರುವವರು ಹೀಗೇ ಹೇಳುವುದು ಅಜ್ಜ, ನೀವು ಬನ್ಸ್ ತಿನ್ನಿ” ಎಂದರಂತೆ. ಲತೇಶ ಮುಟ್ಟುವಾಗ ಎಡ್ವಿನರ ಹೆಂಡತಿ ಅಂಗಡಿಯ ಮುಂದೆ ನಿಂತು ಕೊಂಕಣಿಯಲ್ಲಿ ಎಲ್ಲರನ್ನೂ ಬೈಯುತ್ತಿದ್ದಳು. ಈ ಕಥೆ ಕೇಳಿ ಸ್ಟುಡಿಯೋದ ಮುಂದೆ ಜನ ಹೊಟ್ಟೆ ಹಿಡಿದು ನಕ್ಕರು. ಮೋಹನದಾಸರೂ ನಕ್ಕರು.

ಬುಧವಾರವೂ ಹಾಗೇ ಕಳೆಯಿತು. ಎರಡು ಕರೆ, ಎರಡೂ ಬೇರೆಯವರು.

ಗುರುವಾರ ಬೆಳಿಗ್ಗೆ ದೇಯಿ ಒಬ್ಬರೇ ಬಂದರು. ಮಗನಿಗೆ ಹೇಳಿ ಬಂದಿರಲಿಲ್ಲ.

“ಮೋಹನಣ್ಣ, ಆ ಬೈರಾಸಿನ ಫೋಟೋ ನಿಮ್ಮ ಹತ್ತಿರ ಉಂಟಲ್ಲ? ಒಮ್ಮೆ ತೋರಿಸಿ. ನಾಲ್ಕು ದಿನ ಆಯ್ತು, ಮುಖ ನೋಡಬೇಕು ಅಂತ ಆಗ್ತದೆ. ಮನೆಯಲ್ಲಿ ಎಲ್ಲ ಕಡೆ ಆ ದಣಿಗಳದ್ದೇ ಉಂಟು.”

ಮೋಹನದಾಸರು ಮೂಲ ಚಿತ್ರ ತೆರೆದರು. ಪೋಸ್ಟರಿನ ಚಿತ್ರ ಮೊದಲೇ ತೆರೆದಿತ್ತು. ಎರಡೂ ಅಕ್ಕಪಕ್ಕ ನಿಂತವು. ನಾಲ್ಕು ದಿನದಲ್ಲಿ ಅವರು ಒಮ್ಮೆಯೂ ಎರಡನ್ನು ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು ಮುಖವಲ್ಲ, ಬಲೂನು. ಮೂಲದಲ್ಲಿ ಆರು ಬಲೂನು ಇದ್ದವು, ಒಂದು ಅರ್ಧ ಗಾಳಿ ಹೋಗಿ ಚಪ್ಪಟೆಯಾಗಿತ್ತು. ಅವರು ಮಾಡಿದ ಚಿತ್ರದಲ್ಲಿ ಐದೇ ಬಲೂನು, ಐದೂ ದುಂಡಗೆ. ಬಲೂನು ಮುಟ್ಟು ಎಂದು ಅವರು ಹೇಳಿಯೇ ಇರಲಿಲ್ಲ. ಹೇಳದ ಬಲೂನನ್ನೇ ತಿದ್ದಿದ್ದು ಮುಖವನ್ನು ಬಿಟ್ಟೀತೇ?

ಎರಡು ಮುಖಗಳನ್ನೂ ಒಂದೇ ಅಳತೆಗೆ ದೊಡ್ಡದು ಮಾಡಿ, ಒಂದರ ಮೇಲೊಂದು ಇಟ್ಟು, ಮೇಲಿನದನ್ನು ತೆಗೆದು ಹಾಕಿ, ತೆಗೆದು ಹಾಕಿ ನೋಡಿದರು. ರೆಪ್ಪೆ ಇಳಿದಿತ್ತು, ಏರಿತು. ಮೂಗು ಅಗಲವಿತ್ತು, ಸಪುರವಾಯಿತು. ಮಚ್ಚೆ ಇತ್ತು, ನೆರಳಾಯಿತು. ಕಡುಗಪ್ಪು ಇತ್ತು, ಗೋಧಿಯಾಯಿತು. ಇವರು ನೋಣಯ್ಯ. ಪೋಸ್ಟರಿನಲ್ಲಿದ್ದವರು ಯಾರೂ ಅಲ್ಲ. ಅಂಥ ಮನುಷ್ಯ ಭೂಮಿಯ ಮೇಲೆ ಹುಟ್ಟಿರಲೇ ಇಲ್ಲ.

“ನಾನು ಹೇಳಿದೆನಲ್ಲ,” ಎಂದರು ದೇಯಿ. ಅವರ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ.

ಮೋಹನದಾಸರು ಅಂದುಕೊಂಡಿದ್ದದ್ದು ಯಂತ್ರವೂ ತಮ್ಮ ಹಾಗೆಯೇ ಕುತ್ತಿಗೆಯ ಬಳಿ ಕತ್ತರಿಸಿ ಅಂಗಿ ಅಂಟಿಸುತ್ತದೆ ಎಂದು. ಅದು ಕತ್ತರಿಸುವುದೂ ಇಲ್ಲ, ಅಂಟಿಸುವುದೂ ಇಲ್ಲ. ಕೊಟ್ಟ ಫೋಟೋ ನೋಡಿಕೊಂಡು ಇಡೀ ಚಿತ್ರವನ್ನು ಹೊಸದಾಗಿ ಬರೆಯುತ್ತದೆ. ಬರೆಯುವಾಗ ತಾನು ಹಿಂದೆ ಕಂಡ ಲಕ್ಷಾಂತರ ಚಿತ್ರಗಳ ಕಡೆಗೆ ಅದರ ಕೈ ಜಾರುತ್ತದೆ. ಇಳಿದ ರೆಪ್ಪೆ ಅಪರೂಪ, ಸಮನಾದ ಕಣ್ಣು ಸಾಮಾನ್ಯ, ಸಾಮಾನ್ಯವಾದದ್ದೇ ಬರುತ್ತದೆ. ಅದರ ಮೇಲೆ ಅವರು ಉಳಿಸಿಟ್ಟ ವಾಕ್ಯ ಬೇರೆ: ನಯವಾದ ಚರ್ಮ, ಒಳ್ಳೆಯ ಬೆಳಕು, ಆಕರ್ಷಕ, ಗೌರವಸ್ಥ. ಅಂಥ ಮಾತುಗಳ ಜೊತೆ ಅದು ಕಂಡದ್ದು ಹೆಚ್ಚಾಗಿ ಬೆಳ್ಳನೆಯ ನುಣುಪು ಮುಖಗಳನ್ನೇ ಇರಬೇಕು. ಜಗತ್ತಿನ ಸ್ಟುಡಿಯೋದವರೆಲ್ಲ ತಮ್ಮಂತೆಯೇ ತಾನೇ? ಸಾಲದ್ದಕ್ಕೆ ತಿದ್ದಿದ್ದನ್ನೇ ಮತ್ತೆ ತಿದ್ದಿಸಿದ್ದರು, ನಾಲ್ಕು ಸಲ. ಒಂದೊಂದು ಸಲವೂ ಸ್ವಲ್ಪ ಸ್ವಲ್ಪ ಜಾರಿ, ನಾಲ್ಕನೆಯ ಸಲಕ್ಕೆ ನೋಣಯ್ಯ ಪೂರ್ತಿ ಜಾರಿಹೋಗಿದ್ದರು.

“ದೇಯಿಯಕ್ಕ, ಕೂತ್ಕೊಳ್ಳಿ. ಈಗಲೇ ಸರಿ ಮಾಡ್ತೇನೆ,” ಎಂದರು.

ಮೊದಲು ಮೂಲದ ಚಿತ್ರವನ್ನೇ ಮುಖ ದೊಡ್ಡದಾಗಿ ಕಾಣುವಂತೆ ಕತ್ತರಿಸಿಕೊಂಡರು. ಮುಖ ಸಣ್ಣದಿದ್ದರೆ ನೋಡಿಕೊಳ್ಳಲು ಯಂತ್ರಕ್ಕೂ ಏನೂ ಉಳಿಯುವುದಿಲ್ಲ. ಉಳಿಸಿಟ್ಟ ವಾಕ್ಯವನ್ನು ಅಳಿಸಿ, ‘ಅಂಗಿ ಮಾತ್ರ ಬದಲಿಸು, ಉಳಿದದ್ದು ಹಾಗೇ ಇರಲಿ’ ಎಂದು ಬರೆದರು. ಮೈಬಣ್ಣ ಸುಮಾರು ಹತ್ತಿರ ಬಂತು, ರೆಪ್ಪೆ ಮಾತ್ರ ಮೇಲೆಯೇ ನಿಂತಿತು. ಬಣ್ಣ ಇನ್ನೂ ಸರಿಯಾಗಲಿ ಎಂದು ‘ಕಪ್ಪು ಮೈಬಣ್ಣದ ಮುದುಕ’ ಎಂದು ಸೇರಿಸಿದರು. ಬಂದವರು ಕಪ್ಪಗಿದ್ದರು, ಮುದುಕರಾಗಿದ್ದರು, ನೋಣಯ್ಯ ಆಗಿರಲಿಲ್ಲ, ಬೇರೆಯೇ ಯಾರೋ. ಆಗ ಅವರಿಗೆ ಹೊಳೆಯಿತು: ಮನುಷ್ಯನನ್ನು ವರ್ಣಿಸಿದರೆ ಅದು ವರ್ಣನೆಗೆ ಒಪ್ಪುವ ಹೊಸಬನನ್ನು ಬರೆಯುತ್ತದೆ. ಹೇಗಿದ್ದಾರೆ ಎಂದು ಹೇಳಬಾರದು, ಫೋಟೋದಲ್ಲಿ ಇದ್ದ ಹಾಗೆಯೇ ಎನ್ನಬೇಕು.

ಮತ್ತೆ ಮೂಲದಿಂದಲೇ ಶುರು ಮಾಡಿದರು. ಈ ಸಲ ಕುತ್ತಿಗೆಯಿಂದ ಕೆಳಗಿನ ಭಾಗವನ್ನು ಮಾತ್ರ ಬ್ರಷ್ಷಿನಿಂದ ಗುರುತು ಮಾಡಿ, ಒಂದೊಂದೇ ಮಾತು ತೂಗಿ ಬರೆದರು. ‘ಗುರುತು ಮಾಡಿದ ಜಾಗದಲ್ಲಿ ಮಾತ್ರ, ಅರ್ಧ ತೋಳಿನ, ಸಣ್ಣ ಚೌಕುಳಿಯ ಹಳದಿ ಹತ್ತಿ ಅಂಗಿ, ಎಡಗಡೆ ಒಂದು ಕಿಸೆ. ಇದೇ ಫೋಟೋದ ಇದೇ ವ್ಯಕ್ತಿ. ಮುಖದ ಆಕಾರ, ಚರ್ಮದ ಬಣ್ಣ, ಎಡಗಣ್ಣಿನ ರೆಪ್ಪೆ, ಮೂಗು, ಮಚ್ಚೆ, ಹಲ್ಲು, ಸುಕ್ಕು, ಫೋಟೋದ ಬೆಳಕು, ಹಿಂದಿನ ಗೋಡೆ, ಎಲ್ಲವೂ ಮೂಲದಲ್ಲಿ ಇದ್ದಂತೆಯೇ ಇರಲಿ. ನಯ ಮಾಡಬೇಡ. ಬೆಳಗಿಸಬೇಡ. ವಯಸ್ಸು ಇಳಿಸಬೇಡ.’ ಅಂಗಿಯ ಎಲ್ಲ ವಿವರವನ್ನೂ ಒಂದೇ ಸಲಕ್ಕೆ ಹೇಳಿದ್ದು ತಿದ್ದಿದ್ದನ್ನು ಮತ್ತೆ ತಿದ್ದಿಸುವ ಪ್ರಮೇಯ ಬಾರದಿರಲಿ ಎಂದು.

ಬಂದ ಚಿತ್ರವನ್ನು ಮೂಲದ ಮೇಲೆ ಇಟ್ಟು, ತೆಗೆದು ನೋಡಿದರು. ರೆಪ್ಪೆ ಇಳಿದೇ ಇತ್ತು, ಮಚ್ಚೆ ಇತ್ತು. ಆದರೆ ಗದ್ದದ ಕೆಳಗೆ ಅಂಗಿಯ ಹಳದಿ ಹೊಳಪು ಬಡಿದು, ಅಷ್ಟು ಜಾಗ ತಿಳಿಯಾಗಿತ್ತು. ಮಾತಿನಿಂದ ಜಾರುವುದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ ಎಂದು ಅವರಿಗೆ ಮನದಟ್ಟಾಯಿತು. ಆ ಚಿತ್ರದಿಂದ ಅಂಗಿಯನ್ನಷ್ಟೇ ಕತ್ತರಿಸಿ, ಹಳೆಯ ಕೋಟು ಅಂಟಿಸುತ್ತಿದ್ದಂತೆ ಮೂಲದ ತಲೆಯ ಕೆಳಗೆ ಕೈಯಿಂದಲೇ ಕೂರಿಸಿದರು. ಕಾಲರಿನ ಅಂಚು ಹೊಂದಿಸುವಾಗ ದೇಯಿ ಪಕ್ಕದಲ್ಲಿ ಬಂದು ನಿಂತಿದ್ದರು.

“ಹಾಂ,” ಎಂದರು ಅವರು. “ಇವರು ಅವರೇ.”

ಅರ್ಧ ಗಂಟೆಯ ಕೆಲಸ. ಸೋಮವಾರ ಮಾಡಿದ್ದರೂ ಅರ್ಧ ಗಂಟೆಯೇ ಆಗುತ್ತಿತ್ತು.

ಮಧ್ಯಾಹ್ನದೊಳಗೆ ಹೊಸ ಚಿತ್ರ ಎಲ್ಲ ಗುಂಪುಗಳಿಗೆ ಹೋಯಿತು. ಲತೇಶ ಫೋನಿನಲ್ಲಿ ರೇಗಿದ. “ಎಂತ ಮಾರಾಯ್ರೆ ನೀವು, ಈಗ ಬೇರೆ ಫೋಟೋ ಹಾಕಿದ್ರೆ ಜನ ತಮಾಷೆ ಅಂದ್ಕೊಳ್ಳೋದಿಲ್ವಾ?” ಆದರೂ ಹಾಕಿದ. ಒಂದು ಗಂಟೆಯೂ ಆಗಿರಲಿಲ್ಲ, ಕರೆ ಬಂತು. ತೊಕ್ಕೊಟ್ಟಿನ ಹೋಟೆಲಿನ ಅಯ್ಯೂಬ್ ಎಂಬವರದ್ದು.

“ಇವರಾ? ಇವರು ಮೂರು ದಿನ ನನ್ನ ಹೋಟೆಲಿನ ಬೆಂಚಿನಲ್ಲೇ ಇದ್ದದ್ದಲ್ವಾ!”

ಮೋಹನದಾಸರು ಬಾಗಿಲು ಎಳೆದು ಲತೇಶನ ಕಾರು ಹತ್ತಿದರು. ದೇಯಿ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಕಾರು ಸೇತುವೆ ದಾಟಿತು.

ಅಯ್ಯೂಬ್ ಅವರದ್ದು ರಸ್ತೆ ಬದಿಯ ಚಹಾದ ಹೋಟೆಲು. ಹೊರಗೆ ಒಂದು ಉದ್ದ ಬೆಂಚು. ಬೆಂಚಿನ ಹಿಂದಿನ ಗೋಡೆಗೆ ಲತೇಶನೇ ಅಂಟಿಸಿದ ಪೋಸ್ಟರು. ಆ ಗೋಧಿ ಬಣ್ಣದ ಹಿರಿಯರು ಅಲ್ಲಿಂದ ಮುಗುಳ್ನಗುತ್ತಿದ್ದರು.

“ಸೋಮವಾರ ಸಂಜೆ ಬಂದ್ರು,” ಎಂದರು ಅಯ್ಯೂಬ್. ಅವರು ಲತೇಶನ ಮುಖ ನೋಡುತ್ತಿರಲಿಲ್ಲ. “ಇಲ್ಲೇ ಕೂತ್ರು. ಕಾರ್ಖಾನೆಯ ಗೇಟು ಇನ್ನೂ ತೆಗೆಯಲಿಲ್ವಾ ಅಂತ ಕೇಳಿದ್ರು. ಯಾವ ಕಾರ್ಖಾನೆ ಅಜ್ಜ ಅಂದೆ. ತೆಗೆಯುವವರೆಗೆ ಕೂತ್ಕೊಳ್ತೇನೆ ಅಂದ್ರು. ಚಾ ಕೊಟ್ಟೆ, ಪರೋಟ ಕೊಟ್ಟೆ. ಹಳದಿ ಅಂಗಿ ನೋಡಿ ನನಗೂ ಸಂಶಯ ಬಂತು, ಅಲ್ಲಾಹನಾಣೆ. ಪೋಸ್ಟರಿನ ಹತ್ತಿರ ನಿಲ್ಲಿಸಿ ನೋಡಿದೆವು. ಎಲ್ಲಿಂದ ಎಲ್ಲಿಗೆ? ಇದರಲ್ಲಿ ಇರೋದು ಬಿಳಿ ಜನ. ಅವರು...” ಅಯ್ಯೂಬ್ ನಿಲ್ಲಿಸಿದರು.

“ಹೇಳಿ,” ಎಂದರು ದೇಯಿ.

“ಇಲ್ಲಿ ಚಾ ಕುಡಿಯುವವರು ಸ್ವಲ್ಪ ತಮಾಷೆ ಮಾಡಿದ್ರು ಅಮ್ಮ. ‘ಅಜ್ಜ, ಇದು ನೀವಾ? ಯಾವ ಕ್ರೀಮು ಹಚ್ಚಿದ್ದು?’ ಅಂತ. ಅವರೂ ಪೋಸ್ಟರನ್ನು ನೋಡಿದ್ರು. ತುಂಬ ಹೊತ್ತು ನೋಡಿ, ‘ಪಾಪ, ಒಳ್ಳೆ ಮನೆಯವರು. ಇವರ ಮಕ್ಕಳು ಹುಡುಕ್ತಾ ಇದ್ದಾರಾ?’ ಅಂತ ಕೇಳಿದ್ರು. ಹೌದು ಅಂದೆವು. ‘ಸಿಗಲಿ’ ಅಂದ್ರು.”

ಲತೇಶ ಬೆಂಚಿನ ಮೇಲೆ ಕುಳಿತುಬಿಟ್ಟ.

“ಸ್ಟೇಷನ್‌ಗೂ ಹೇಳಿದ್ದೆ. ಮಂಗಳವಾರ ಒಬ್ಬರು ಪೊಲೀಸ್ ಬಂದ್ರು, ಅವರ ಮೊಬೈಲಿನಲ್ಲೂ ಇದೇ ಫೋಟೋ. ಇವರಲ್ಲ, ಯಾರೋ ಭಿಕ್ಷುಕ ಅಂತ ಹೇಳಿ ಹೋದ್ರು.”

“ಈಗ ಎಲ್ಲಿ?” ಎಂದರು ಮೋಹನದಾಸರು.

ಅಯ್ಯೂಬ್ ತಲೆ ತಗ್ಗಿಸಿದರು. “ನಿನ್ನೆ ಸಂಜೆ ಇಲ್ಲೇ ಬಟ್ಟೆಯಲ್ಲೇ ಎಲ್ಲ ಆಗಿಹೋಯ್ತು. ಗಿರಾಕಿಗಳು ವಾಸನೆ ಅಂದ್ರು. ಅಜ್ಜ, ನೀವು ಆಚೆ ಹೋಗಿ ಅಂದೆ. ನಾನೇ ಅಂದದ್ದು. ಎದ್ದು ಹೊಳೆ ಕಡೆಗೆ ನಡ್ಕೊಂಡು ಹೋದ್ರು.”

ಹೊಳೆಯ ಬದಿಯ ಬೀದಿಗಳಲ್ಲಿ ಅವರು ನಾಲ್ಕು ಗಂಟೆಯವರೆಗೆ ಸುತ್ತಿದರು. ಹೊಸ ಚಿತ್ರ ತೋರಿಸಿದಲ್ಲೆಲ್ಲ ಜನ ತಕ್ಷಣ ತಲೆಯಾಡಿಸಿದರು. ಹೌದು, ನೋಡಿದ್ದೇವೆ. ಹೌದು, ಇಲ್ಲೇ ಹೋದದ್ದು. ಮೂರು ದಿನದಲ್ಲಿ ಅವರನ್ನು ನೋಡದವರೇ ಇರಲಿಲ್ಲ. ಕೊನೆಗೆ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ಚಿತ್ರವನ್ನು ಎರಡು ಸಲ ನೋಡಿ, “ಬೆಳಿಗ್ಗೆ ರೈಲು ಹಳಿ ಬದಿಯ ಚರಂಡಿಯಲ್ಲಿ ಬಿದ್ದಿದ್ದವರು ಇವರೇ ಅಲ್ವಾ? ಆಂಬುಲೆನ್ಸ್ ಬಂತಲ್ಲ,” ಎಂದಳು.

ಆಸ್ಪತ್ರೆಯ ಶವಾಗಾರದ ಹೊರಗೆ ಸಿಮೆಂಟಿನ ಕಟ್ಟೆ. ಅಲ್ಲಿದ್ದ ಪೊಲೀಸರು ಕಾಗದ ತಿರುವಿ ಓದಿದರು. ಅಪರಿಚಿತ ಗಂಡಸು, ಸುಮಾರು ಎಪ್ಪತ್ತೈದು, ಕಪ್ಪು ಮೈಬಣ್ಣ, ಹಳದಿ ಚೌಕುಳಿ ಅಂಗಿ. ಬೆಳಿಗ್ಗೆ ಎಂಟಕ್ಕೆ ತರುವಾಗ ಉಸಿರಿತ್ತು. ಹತ್ತೂವರೆಗೆ ಹೋಯಿತು.

ಹತ್ತೂವರೆಗೆ ಮೋಹನದಾಸರು ಸ್ಟುಡಿಯೋದಲ್ಲಿ ಕಾಲರಿನ ಅಂಚು ಹೊಂದಿಸುತ್ತಿದ್ದರು.

“ಕಾಣೆಯಾದವರ ಪಟ್ಟಿ ನೋಡ್ಲಿಲ್ವಾ ಸರ್ ನೀವು? ನಾವು ಸೋಮವಾರವೇ ಕಂಪ್ಲೇಂಟ್ ಕೊಟ್ಟದ್ದು!” ಲತೇಶ ಕೂಗಿದ.

“ನೋಡದೆ ಇರ್ತೇವಾ? ಅಂಗಿ ನೋಡಿದ ಕೂಡಲೇ ನಿಮ್ಮ ಪೋಸ್ಟರೇ ತೆಗೆದದ್ದು,” ಎಂದರು ಪೊಲೀಸರು. ಫೈಲಿನಿಂದ ಅದನ್ನು ಎಳೆದು ತೋರಿಸಿದರು. ಅದರ ಬದಿಯಲ್ಲಿ ಪೆನ್ನಿನಿಂದ ‘ಹೋಲಿಕೆ ಇಲ್ಲ’ ಎಂದು ಬರೆದಿತ್ತು. “ಇಲ್ಲಿ ನೋಡಿ, ಮಚ್ಚೆ ಇಲ್ಲ, ಕಣ್ಣು ಸರಿ ಉಂಟು, ಬಣ್ಣವೇ ಬೇರೆ. ನಿಮ್ಮ ತಂದೆಯ ಫೋಟೋ ಅಂತ ಕೊಟ್ಟದ್ದು ನೀವೇ ಅಲ್ವಾ? ಬೆಳಿಗ್ಗೆ ಸರಿಯಾದ್ದು ಇದ್ದಿದ್ರೆ ಎಂಟೂಕಾಲಿಗೆ ನಿಮಗೆ ಫೋನ್ ಬರ್ತಿತ್ತು.”

ಲತೇಶ ತಿರುಗಿ ಮೋಹನದಾಸರನ್ನು ನೋಡಿದ. “ಮೂವತ್ತೆಂಟು ವರ್ಷದ ಅನುಭವ ಅಂತ ಬೋರ್ಡ್ ಹಾಕಿದ್ದೀರಲ್ಲ,” ಎಂದ. “ನನಗೆ ಗೊತ್ತಾಗುವುದಿಲ್ಲ, ಸರಿ. ನಿಮಗೆ ಗೊತ್ತಾಗ್ಬೇಕಿತ್ತಲ್ಲ?”

ನೀನೇ ಚಂದ ಬಂದಿದೆ ಎಂದೆಯಲ್ಲ ಎಂದು ಹೇಳಬಹುದಿತ್ತು. ಮೋಹನದಾಸರು ಹೇಳಲಿಲ್ಲ. ಅವನು ಹೇಳಿದ್ದು ಸರಿ. ಅವರ ಕಣ್ಣು ಮೂವತ್ತೆಂಟು ವರ್ಷದಿಂದ ಬೇರೆಯೇ ಕೆಲಸ ಕಲಿತಿತ್ತು. ಆ ಅಂಗಡಿಯಲ್ಲಿ ಗೊತ್ತಾದದ್ದು ಒಬ್ಬರಿಗೆ, ಪೊರೆ ಬಂದ ಕಣ್ಣಿನವರಿಗೆ. ಅವರನ್ನು ಇಬ್ಬರೂ ಸೇರಿ ಸ್ಟೂಲಿನ ಮೇಲೆ ಕೂರಿಸಿದ್ದರು.

“ದೇಯಿಯಕ್ಕ,” ಎಂದರು ಮೋಹನದಾಸರು.

ದೇಯಿ ಅವರ ಕಡೆ ತಿರುಗಲಿಲ್ಲ. “ಮೂರು ದಿನ ಬೆಂಚಿನಲ್ಲಿ ಕೂತಿದ್ರಂತೆ,” ಎಂದರು ಯಾರಿಗೂ ಅಲ್ಲದಂತೆ. “ಪರೋಟ ಅವರಿಗೆ ಆಗುವುದಿಲ್ಲ. ಹಲ್ಲಿಲ್ಲ.”

ಲತೇಶನ ಮೊಬೈಲ್ ರಿಂಗಾಯಿತು. ಗೊತ್ತಿಲ್ಲದ ನಂಬರ್. ಯೋಚಿಸದೆ ಸ್ಪೀಕರ್ ಒತ್ತಿದ. ಆ ಕಡೆಯ ಗಂಡಸಿನ ದನಿ ಉಬ್ಬಿ ಬರುತ್ತಿತ್ತು.

“ಹಲೋ, ಕಾಣೆಯಾದವರ ಮನೆಯವರಾ? ಸಿಕ್ಕಿದ್ರು ಮಾರಾಯ್ರೆ, ಸಿಕ್ಕಿದ್ರು! ನೂರಕ್ಕೆ ನೂರು ಅವರೇ. ಪೋಸ್ಟರಿನಲ್ಲಿ ಇದ್ದ ಹಾಗೇ ಇದ್ದಾರೆ, ಒಂಚೂರೂ ವ್ಯತ್ಯಾಸ ಇಲ್ಲ. ತುಂಬ ಗಲಾಟೆ ಮಾಡ್ತಾರೆ, ನಾಲ್ಕು ಜನ ಹಿಡ್ಕೊಂಡಿದ್ದೇವೆ. ಬೇಗ ಬನ್ನಿ!”

ದೇಯಿ ಮೊಬೈಲನ್ನು ಲತೇಶನ ಕೈಯಿಂದ ತೆಗೆದುಕೊಂಡು, ಎರಡೂ ಕೈಯಲ್ಲಿ ಬಾಯಿಯ ಹತ್ತಿರ ಹಿಡಿದರು.

“ಅವರನ್ನು ಬಿಡಿ ಮಗಾ,” ಎಂದರು. “ಅವರ ಮನೆಯಲ್ಲಿ ಕಾಯ್ತಾ ಇರಬಹುದು.”

ಒಳಗಿನಿಂದ ಬಾಗಿಲು ತೆರೆದು, ಕೈಗವಸು ಹಾಕಿದ ನೌಕರ ಕಾಗದ ನೋಡಿದ. ಅದರಲ್ಲಿ ಹೆಸರಿನ ಜಾಗ ಖಾಲಿ ಇತ್ತು.

“ಹಳದಿ ಅಂಗಿ,” ಎಂದು ಕರೆದ. “ಹಳದಿ ಅಂಗಿಯ ಕಡೆಯವರು ಯಾರು?”

ದೇಯಿ ಎದ್ದು ನಿಂತರು.